40 ಮೀಟರು ಅಂತರಕ್ಕೆ ಹಾಕಿದ ಸಮಪಾತಳಿ ಬದುಗಳಲ್ಲಿ ಎರಡನೆಯದು ಒಡೆದಿದೆ: ಲೆಕ್ಕ ಎಲ್ಲಿ ತಪ್ಪಿತು?

ದಿಣ್ಣೆಹೊಲ:
ನಮ್ಮ ಮಳೆಯಾಶ್ರಿತ ಹೊಲವು ಮೇಲಿನ ದಿಣ್ಣೆಯಿಂದ ಕೆಳಗಿನ ಹಳ್ಳದವರೆಗೆ 200 ಮೀಟರು ಉದ್ದವಿದ್ದು, ಮಣ್ಣು ಮರಳುಮಿಶ್ರಿತ ಕೆಂಪು ಮಣ್ಣು. ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರು. ಹೊಲದ ನಡುವೆ ನೇರವಾದ ಹಲಗೆಯೊಂದನ್ನು ಇಳಿಜಾರಿನ ದಿಕ್ಕಿಗೆ ಇಟ್ಟು, ಅದರ ಮೇಲೆ ಮೊಬೈಲಿನ ಮಟ್ಟದ ಆ್ಯಪ್ ಇರಿಸಿ ನೋಡಿದಾಗ 2 ಎಂದು ಬಂದಿತು. ಅದನ್ನೇ ರಾಮ್ಸರ್ ಸೂತ್ರದಲ್ಲಿ S ಎಂದು ಹಾಕಿದೆ.

```
VI = 0.3 × (S/3 + 2) = 0.3 × (2/3 + 2) = 0.8
HI = VI × 100 / S    = 0.8 × 100 / 2   = 40
```

ಎರಡು ಬದುಗಳ ನಡುವಿನ ಲಂಬ ಅಂತರ 0.8 ಮೀಟರು, ಅಡ್ಡ ಅಂತರ 40 ಮೀಟರು ಎಂದಾಯಿತು. ದಿಣ್ಣೆಯಿಂದ ಟೇಪು ಹಿಡಿದು 40, 80, 120 ಮತ್ತು 160ನೆಯ ಮೀಟರುಗಳಲ್ಲಿ ನಾಲ್ಕು ಬದುಗಳನ್ನು ಹಾಕಿಸಿದೆ. ಪ್ರತಿ ಬದುವಿನ ಎತ್ತರ 45 ಸೆಂಟಿಮೀಟರು, ಎಡ ತುದಿಯಲ್ಲಿ ನೆಲದಿಂದ 30 ಸೆಂಟಿಮೀಟರು ಎತ್ತರಕ್ಕೆ ಕಲ್ಲಿನ ಕೋಡಿ. ಬಿತ್ತನೆಯಾಗಿ ಹತ್ತು ದಿನಗಳಾಗಿದ್ದಾಗ ಒಂದೇ ಸಂಜೆ 80 ಮಿಲಿಮೀಟರು ಮಳೆ ಸುರಿದು, ಎರಡನೆಯ ಬದು ನಟ್ಟನಡುವೆ ಒಡೆಯಿತು. ಉಳಿದ ಮೂರೂ ನಿಂತಿವೆ. ದೋಷವು ಅಂತರದಲ್ಲಿದೆಯೋ, ಎತ್ತರದಲ್ಲಿದೆಯೋ ಅಥವಾ ಮಣ್ಣಿಗೆ ದಮ್ಮಸು ಸಾಲದೆ ಹೋಯಿತೋ ಎಂಬುದನ್ನು ತಿಳಿದವರು ಹೇಳಬೇಕು.

ಮುಂಗಾರುಬೆಳೆ:
ಅಂತರದಲ್ಲಿ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ರಾಮ್ಸರ್ ಸೂತ್ರದಲ್ಲಿ ಮಳೆಯ ಪ್ರಮಾಣಕ್ಕೆ ಸ್ಥಾನವೇ ಇಲ್ಲ. ಕಾಕ್ಸ್ ಸೂತ್ರವನ್ನು ಬಳಸಿ ನೋಡಿ. ಅದರಲ್ಲಿ X ಎಂಬುದು ಮಳೆಯದು, Y ಎಂಬುದು ಮಣ್ಣಿಗೆ ನೀರು ಇಂಗುವ ಗುಣ ಮತ್ತು ಬೆಳೆಯ ಹೊದಿಕೆಯದು. ವರ್ಷಕ್ಕೆ 640 ಮಿಲಿಮೀಟರಿಗಿಂತ ಕಡಿಮೆ ಮಳೆಯಾಗುವಲ್ಲಿ X 0.8, ಕೆಂಪು ಮಣ್ಣು ಚೆನ್ನಾಗಿ ಇಂಗಿಸುವುದರಿಂದ Y 2 ಎಂದು ಹಿಡಿಯಬಹುದು.

```
VI = 0.3 × (X×S + Y) = 0.3 × (0.8×2 + 2) = 1.08
HI = 1.08 × 100 / 2  = 54
```

ಹೀಗೆ 54 ಮೀಟರು ಬಿಡಬಹುದಾದ ಕಡೆ ನೀವು 40 ಮೀಟರಿಗೇ ಹಾಕಿದ್ದೀರಿ. ಆದ್ದರಿಂದ ದಮ್ಮಸಿನ ಕೊರತೆಯೇ ಕಾರಣವಿರಬೇಕು.

ಕೊಳವೆಮಟ್ಟ:
ಸೂತ್ರದ ಆಯ್ಕೆಗೆ ಮೊದಲು ಒಂದು ವಿಷಯ ಖಚಿತವಾಗಬೇಕು. ಮೊಬೈಲು ತೋರಿಸಿದ 2 ಯಾವುದರ ಎರಡು? ಅಂತಹ ಆ್ಯಪ್‌ಗಳು ಸಾಮಾನ್ಯವಾಗಿ ಕೋನವನ್ನು ಡಿಗ್ರಿಯಲ್ಲಿ ತೋರಿಸುತ್ತವೆ, ಆದರೆ ಸೂತ್ರದ S ಎಂಬುದು ಶೇಕಡಾವಾರು ಇಳಿಜಾರು, ಅಂದರೆ 100 ಮೀಟರು ನಡೆದರೆ ಎಷ್ಟು ಮೀಟರು ಕೆಳಗಿಳಿಯುತ್ತೇವೆ ಎಂಬುದು. 2 ಡಿಗ್ರಿ ಎಂದರೆ ಶೇಕಡಾ 3.5. ಹಾಗಿದ್ದರೆ ಮೇಲಿನ ಎರಡೂ ಲೆಕ್ಕಗಳು ಬುಡದಲ್ಲೇ ಜಾರಿವೆ.

ಎರಡು ಅಳತೆ ಕೋಲುಗಳಿಗೆ ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಕಟ್ಟಿ, ದಿಣ್ಣೆಯಿಂದ ಹಳ್ಳದವರೆಗೆ ಪ್ರತಿ 20 ಮೀಟರಿಗೆ ಎಷ್ಟು ಇಳಿಯುತ್ತದೆ ಎಂದು ಅಳೆದು ಬರೆಯಿರಿ. 200 ಮೀಟರಿಗೆ ಒಂದೇ ಇಳಿಜಾರು ಇರುವ ಹೊಲವನ್ನು ನಾನಂತೂ ಕಂಡಿಲ್ಲ. ಜೊತೆಗೆ, ಬದುವಿನಿಂದ ಎಷ್ಟು ಕೆಳಗೆ ಸಣ್ಣ ಕೊರಕಲುಗಳು ಆರಂಭವಾಗಿವೆ ಎಂಬುದನ್ನೂ, ಒಡೆದ ಜಾಗದ ಅಕ್ಕಪಕ್ಕದಲ್ಲಿ ಬದುವಿನ ತಲೆ ಎಷ್ಟು ಎತ್ತರವಿದೆ ಎಂಬುದನ್ನೂ ಅದೇ ಕೊಳವೆಯಿಂದ ನೋಡಿ.

ಎರೆಭೂಮಿ:
ಬದುಗಳು ಹತ್ತಿರವಾದರೂ ಕಷ್ಟವೇ. ನಮ್ಮದು ಆಳವಾದ ಎರೆ ಮಣ್ಣು. ಸಮಪಾತಳಿ ಬದು ಹಾಕಿಸಿದ ವರ್ಷ ಬದುವಿನ ಹಿಂದೆ ಎಂಟು ದಿನ ನೀರು ನಿಂತು, ಅಷ್ಟಗಲದ ಜೋಳವೆಲ್ಲ ಹಳದಿಯಾಯಿತು. ಬೇಸಿಗೆಯಲ್ಲಿ ಬದುವೇ ಬಿರುಕು ಬಿಟ್ಟು, ಮುಂದಿನ ಮಳೆಗೆ ಆ ಬಿರುಕಿನಿಂದಲೇ ನೀರು ನುಗ್ಗಿತು. ಆದ್ದರಿಂದ ಬದುಗಳ ಸಂಖ್ಯೆಯನ್ನು ಕಡಿಮೆ ಮಾಡಿ ಎಂಬುದೇ ನನ್ನ ಸಲಹೆ.

ಕೊಳವೆಮಟ್ಟ:
ಎರೆಭೂಮಿಯವರೇ, ನಿಮ್ಮದು ಬೇರೆ ರೋಗ. ನೀರು ನಿಧಾನವಾಗಿ ಇಂಗುವ ಜೇಡಿ ಮಣ್ಣಿನಲ್ಲಿ ನೀರನ್ನು ತಡೆದು ನಿಲ್ಲಿಸುವ ಬದುವೇ ಹೊಂದದು. ಅಲ್ಲಿ ಬದುವಿಗೆ ಅಲ್ಪ ಓರೆ ಕೊಟ್ಟು, ನೀರನ್ನು ಮೆಲ್ಲಗೆ ಹುಲ್ಲು ಬೆಳೆದ ಕಾಲುವೆಗೆ ಸಾಗಿಸಬೇಕು. ಬದುಗಳ ಸಂಖ್ಯೆ ಕಡಿಮೆ ಮಾಡಿದರೆ ಪ್ರತಿ ಬದುವಿನ ಹಿಂದೆ ಇನ್ನೂ ಹೆಚ್ಚು ನೀರು ನಿಲ್ಲುತ್ತದೆ. ಇಲ್ಲಿ ಪ್ರಶ್ನೆಯಿರುವುದು ಕೆಂಪು ಮಣ್ಣಿನದು.

ದಿಣ್ಣೆಹೊಲ:
ಆ್ಯಪ್ ತೋರಿಸಿದ್ದು ಡಿಗ್ರಿಯೇ ಹೌದು. ಅಂಕಿಯ ಮೇಲಿನ ಸಣ್ಣ ಸೊನ್ನೆಯನ್ನು ನಾನು ಗಮನಿಸಿರಲಿಲ್ಲ. ಇಂದು ಕೊಳವೆ ಹಿಡಿದು ಅಳೆದೆವು. ಮೇಲಿನ 80 ಮೀಟರಿನಲ್ಲಿ ನೆಲ 3.6 ಮೀಟರು ಇಳಿಯುತ್ತದೆ, ಅಂದರೆ ಶೇಕಡಾ 4.5. ಕೆಳಗಿನ 120 ಮೀಟರಿನಲ್ಲಿ 3 ಮೀಟರು, ಅಂದರೆ ಶೇಕಡಾ 2.5. ಮೇಲಿನ ಭಾಗದಲ್ಲಿ ಮೊದಲನೆಯ ಬದುವಿನಿಂದ ಸುಮಾರು 24 ಮೀಟರು ಕೆಳಗೆ ಕೊರಕಲುಗಳು ಆರಂಭವಾಗಿವೆ. ಕೆಳಭಾಗದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯ ಬದು ಒಡೆದಿರುವುದು ಹಳೆಯ ಕೊರಕಲೊಂದನ್ನು ಮುಚ್ಚಿದ್ದ ಜಾಗದಲ್ಲಿ; ಅದರ ಅಂಚಿನಲ್ಲಿ ಬದುವಿನ ತಲೆ ಉಳಿದ ಕಡೆಗಿಂತ 10 ಸೆಂಟಿಮೀಟರು ಕುಸಿದಿದೆ. ಮೊದಲನೆಯ ಬದುವಿನ ಕೋಡಿಯ ನೀರು ಎರಡನೆಯದರ ಮೇಲ್ಭಾಗದ ಹೊಲಕ್ಕೇ ಇಳಿಯುತ್ತದೆ ಎಂಬುದನ್ನು ಮೊದಲೇ ಹೇಳಬೇಕಿತ್ತು.

ಕೊಳವೆಮಟ್ಟ:
ಈಗ ಚಿತ್ರ ಸ್ಪಷ್ಟವಾಗುತ್ತದೆ. ರಾಮ್ಸರ್ ಸೂತ್ರವನ್ನೇ ಉಳಿಸಿಕೊಂಡು ಎರಡು ಭಾಗಗಳಿಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ, ಮೇಲ್ಭಾಗಕ್ಕೆ ಲಂಬ ಅಂತರ 1.05 ಮೀಟರು ಮತ್ತು ಅಡ್ಡ ಅಂತರ ಸುಮಾರು 23 ಮೀಟರು ಬರುತ್ತದೆ, ಕೆಳಭಾಗಕ್ಕೆ 0.85 ಮೀಟರು ಮತ್ತು 34 ಮೀಟರು. ನಿಮ್ಮ ಕೊರಕಲುಗಳು 24 ಮೀಟರಿನಲ್ಲಿ ಆರಂಭವಾಗಿರುವುದು ಆ 23ಕ್ಕೆ ನೆಲವೇ ಹಾಕಿದ ರುಜುವಿನಂತಿದೆ. ಹರಿಯುವ ನೀರು ಅಷ್ಟು ದೂರ ಸಾಗುವಷ್ಟರಲ್ಲಿ ಮಣ್ಣು ಕೊರೆಯುವ ವೇಗವನ್ನು ಪಡೆಯುತ್ತದೆ, ಅದಕ್ಕೂ ಮುಂಚೆಯೇ ಬದು ಅಡ್ಡ ಬರಬೇಕು. ಟೇಪಿನಲ್ಲಿ 40 ಮೀಟರು ಅಳೆದಿದ್ದರಿಂದ ಮೇಲ್ಭಾಗದಲ್ಲಿ ನಿಮ್ಮ ನಿಜವಾದ ಲಂಬ ಅಂತರ 1.8 ಮೀಟರಾಗಿದೆ. ಬದುವಿನ ಗೆರೆಯನ್ನು ಇಳಿತದ ಅಳತೆಯಿಂದ ಗುರುತಿಸಬೇಕೇ ಹೊರತು ಟೇಪಿನಿಂದಲ್ಲ.

ಆದರೆ ಕೊರಕಲು ಬೀಳುವುದು ಒಂದು ಮಾತು, ಬದು ಒಡೆಯುವುದು ಇನ್ನೊಂದು. ಎರಡನೆಯದಕ್ಕೆ ವರ್ಷದ 550 ಮಿಲಿಮೀಟರು ಉತ್ತರ ಕೊಡುವುದಿಲ್ಲ, ಒಂದು ಸಂಜೆಯ ಮಳೆ ಕೊಡುತ್ತದೆ. ಎಳೆಯ ಬೆಳೆ, ಹೆಪ್ಪುಗಟ್ಟಿದ ಮೇಲ್ಮಣ್ಣು ಇದ್ದಾಗ ಆ 80 ಮಿಲಿಮೀಟರಿನಲ್ಲಿ 50 ಮಿಲಿಮೀಟರು ಇಂಗದೆ ಹರಿಯಿತು ಎಂದು ಇಟ್ಟುಕೊಳ್ಳೋಣ. ಇದು ನನ್ನ ಊಹೆ, ನಿಮ್ಮ ಮಣ್ಣಿನಲ್ಲಿ ಹೆಚ್ಚುಕಡಿಮೆ ಇರಬಹುದು. ಬದುವಿನ ಒಂದು ಮೀಟರು ಉದ್ದಕ್ಕೆ ಲೆಕ್ಕ ಹೀಗಾಗುತ್ತದೆ.

```
ಬರುವ ನೀರು      = 40 × 0.05          = 2.0 ಘನ ಮೀಟರು
ಹಿಡಿಯುವ ನೀರು   = 50 × h² / S
ಮೇಲ್ಭಾಗ         = 50 × 0.3² / 4.5    = 1.0
ಕೆಳಭಾಗ          = 50 × 0.3² / 2.5    = 1.8
```

ಇಲ್ಲಿ h ಎಂಬುದು ಕೋಡಿಯ ಎತ್ತರ. ಇಳಿಜಾರು ಹೆಚ್ಚಿದಷ್ಟೂ ಅದೇ 30 ಸೆಂಟಿಮೀಟರು ಎತ್ತರದ ಹಿಂದೆ ನಿಲ್ಲುವ ನೀರಿನ ಬೆಣೆ ಚಿಕ್ಕದಾಗುತ್ತದೆ. ಮೊದಲನೆಯ ಬದು 2ರಲ್ಲಿ 1 ಘನ ಮೀಟರನ್ನು ಹಿಡಿದು ಉಳಿದದ್ದನ್ನು ಕೋಡಿಯಿಂದ ಕೆಳಗೆ ಬಿಟ್ಟಿತು. ಎರಡನೆಯದಕ್ಕೆ ತನ್ನ ಪಾಲಿನ 2ರ ಜೊತೆಗೆ ಆ 1 ಸೇರಿ 3 ಬಂದಿತು, ಹಿಡಿಯಲು ಸಾಧ್ಯವಿದ್ದದ್ದು 1 ಮಾತ್ರ. ಕೋಡಿಯ ಮೇಲೆ 15 ಸೆಂಟಿಮೀಟರು ಬದು ಇರಬೇಕಾದಲ್ಲಿ ಕುಸಿದ ಜಾಗದಲ್ಲಿ ಉಳಿದಿದ್ದು 5. ಕೋಡಿಯಲ್ಲಿ ನೀರು ಅದಕ್ಕಿಂತ ಆಳವಾಗಿ ಹರಿದ ಗಳಿಗೆಯಲ್ಲಿ ಆ ಜಾಗವೇ ಎರಡನೆಯ ಕೋಡಿಯಾಯಿತು. ಆದ್ದರಿಂದ ದಮ್ಮಸಿನ ಬಗ್ಗೆ ಮುಂಗಾರುಬೆಳೆಯವರು ಹೇಳಿದ್ದು ಸುಳ್ಳಲ್ಲ. ಒಡೆಯುವ ಜಾಗವನ್ನು ಅದು ಆರಿಸಿತು, ಒಡೆಯುವ ನೀರನ್ನು ಅಂತರವೇ ತಂದಿತು. ಮೂರನೆಯದು ಉಳಿದದ್ದಕ್ಕೆ ಅದರ ತಲೆ ಸಮವಾಗಿದ್ದುದೂ ನಿಮ್ಮ ಅದೃಷ್ಟವೂ ಕಾರಣ.

ಮುಂಗಾರುಬೆಳೆ:
ಡಿಗ್ರಿಯ ವಿಷಯ ನನಗೆ ಹೊಳೆಯಲಿಲ್ಲ, ಒಪ್ಪುತ್ತೇನೆ. ಆದರೂ S 4.5 ಎಂದು ಹಾಕಿ ಕಾಕ್ಸ್ ಸೂತ್ರದಲ್ಲಿ ನೋಡಿದರೆ ಲಂಬ ಅಂತರ 1.68 ಮೀಟರು, ಅಡ್ಡ ಅಂತರ 37 ಮೀಟರು ಬರುತ್ತದೆ. ಮಳೆ ಕಡಿಮೆಯಿರುವಲ್ಲಿ ರಾಮ್ಸರ್ ಸೂತ್ರದ ಪ್ರಕಾರ ಹೋದರೆ ಅನಗತ್ಯವಾಗಿ ಹೆಚ್ಚು ಬದುಗಳಾಗುತ್ತವೆ ಎಂಬ ನನ್ನ ಮಾತು ಹಾಗೆಯೇ ಉಳಿಯುತ್ತದೆ.

ಕೊಳವೆಮಟ್ಟ:
ನೀವು Y ಅನ್ನು 2 ಎಂದು ಹಿಡಿದದ್ದರಲ್ಲಿ ನನ್ನ ತಕರಾರಿದೆ. ಇಂಗುವಿಕೆ ಮತ್ತು ಹೊದಿಕೆ ಎರಡೂ ಚೆನ್ನಾಗಿದ್ದರೆ ಮಾತ್ರ 2. ಬಿತ್ತಿ ಹತ್ತು ದಿನಗಳಾದ ಹೊಲದಲ್ಲಿ ಹೊದಿಕೆ ಎಲ್ಲಿಯದು? ಎರಡೂ ಕಳಪೆ ಎಂದು 1 ಹಿಡಿದರೆ ಅಂತರ ಸುಮಾರು 31 ಮೀಟರಿಗೆ ಇಳಿಯುತ್ತದೆ. ಹೋಗಲಿ, 37 ಮೀಟರನ್ನೇ ಇಟ್ಟುಕೊಳ್ಳಿ, ಆದರೆ ಆಗ ಬದುವಿನ ಎತ್ತರವೂ ಅದರ ಹಿಂದೆ ಬರಬೇಕು. ಮೇಲಿನ ಎರಡು ಲೆಕ್ಕಗಳನ್ನು ಸಮ ಮಾಡಿದರೆ S ಎರಡೂ ಕಡೆ ವಜಾ ಆಗಿ ಸರಳವಾದ ಸೂತ್ರವೊಂದು ಉಳಿಯುತ್ತದೆ; ಇದರಲ್ಲಿ R ಎಂಬುದು ಇಂಗದೆ ಹರಿಯುವ ಮಳೆ, ಸೆಂಟಿಮೀಟರಿನಲ್ಲಿ.

```
h = √(R × VI / 50)
VI = 1.68, R = 5  →  h = 0.41
VI = 0.90, R = 5  →  h = 0.30
```

ಅಂತರ ಹೆಚ್ಚಿಸಿದವರು ಕೋಡಿಯನ್ನು 41 ಸೆಂಟಿಮೀಟರಿಗೆ ಏರಿಸಿ, ಅದರ ಮೇಲೆ ಹರಿವಿನ ಆಳಕ್ಕೂ ಮಣ್ಣಿನ ಕುಸಿತಕ್ಕೂ ಇನ್ನಷ್ಟು ಎತ್ತರ ಕೊಡಬೇಕು. 45 ಸೆಂಟಿಮೀಟರು ಬದುವಿಗೆ ಅದು ಸಾಧ್ಯವಿಲ್ಲ.

ದಿಣ್ಣೆಹೊಲ ಅವರೇ, ನಿಮ್ಮ ಬದುಗಳನ್ನು ಕಿತ್ತು ಹಾಕಬೇಕಾಗಿಲ್ಲ. ಮೇಲ್ಭಾಗದಲ್ಲಿ 20 ಮತ್ತು 60ನೆಯ ಮೀಟರಿನ ಆಸುಪಾಸಿನಲ್ಲಿ, ಇಳಿತ ನೋಡಿಕೊಂಡು ಎರಡು ಹೊಸ ಬದುಗಳನ್ನು ಸೇರಿಸಿದರೆ ಲಂಬ ಅಂತರ 0.9 ಮೀಟರಾಗುತ್ತದೆ, ಈಗಿರುವ 30 ಸೆಂಟಿಮೀಟರಿನ ಕೋಡಿಯೇ ಸಾಕಾಗುತ್ತದೆ. ಕೆಳಭಾಗದ 40 ಮೀಟರು ಅಂತರವು 34ಕ್ಕಿಂತ ಹೆಚ್ಚಾದರೂ ಅಲ್ಲಿ ಕೊರಕಲಿಲ್ಲ. ಕೋಡಿಯನ್ನು 32 ಸೆಂಟಿಮೀಟರಿಗೆ ಏರಿಸಿದರೆ ಆ 2 ಘನ ಮೀಟರು ನಿಲ್ಲುತ್ತದೆ.

ದಿಣ್ಣೆಹೊಲ:
20 ಮೀಟರಿಗೊಂದು ಬದು ಎಂದರೆ ಟ್ರ್ಯಾಕ್ಟರು ತಿರುಗಿಸುವುದೂ ಕಷ್ಟ, ಬದುವಿನಡಿಗೆ ಹೋಗುವ ನೆಲವೂ ಹೆಚ್ಚು. ಹೊಸ ಬದುಗಳ ಬದಲಿಗೆ ಅದೇ ಗೆರೆಗಳಲ್ಲಿ ಲಾವಂಚದ ಪಟ್ಟಿ ಬೆಳೆಸಿದರೆ ಆಗದೇ?

ಮುಂಗಾರುಬೆಳೆ:
ಧಾರಾಳವಾಗಿ ಆಗುತ್ತದೆ. ನಮ್ಮಲ್ಲಿ ಮೂರು ವರ್ಷಗಳಿಂದ ಲಾವಂಚದ ಸಾಲುಗಳೇ ಇವೆ, ಹಿಂದೆ ಕಾಣುತ್ತಿದ್ದ ಕೊರಕಲುಗಳು ಈಗ ಇಲ್ಲ.

ಕೊಳವೆಮಟ್ಟ:
ಕೊರಕಲು ನಿಲ್ಲುತ್ತದೆ ಎಂಬುದನ್ನು ನಂಬುತ್ತೇನೆ, ಸಾಲು ಸಂದಿಲ್ಲದೆ ಕೂಡಿಕೊಂಡ ಮೇಲೆ. ಆದರೆ ಹುಲ್ಲು ನೀರನ್ನು ನಿಧಾನಗೊಳಿಸಿ ಮುಂದೆ ಬಿಡುತ್ತದೆ, ಹಿಡಿದಿಟ್ಟುಕೊಳ್ಳುವುದಿಲ್ಲ. ಕೆಳಗಿನ ಬದುವಿಗೆ ಬರುವ 2 ಘನ ಮೀಟರಿನಲ್ಲಿ ಎಷ್ಟು ಕಡಿಮೆಯಾದೀತು ಎಂದು ಹೇಳುವ ಧೈರ್ಯ ನನಗಿಲ್ಲ. ಪಟ್ಟಿಯ ದಾರಿ ಹಿಡಿದರೆ ಮೇಲಿನೆರಡು ಬದುಗಳ ಕೋಡಿಯನ್ನು 1.8 ಮೀಟರು ಲಂಬ ಅಂತರದ ಲೆಕ್ಕಕ್ಕೇ, ಅಂದರೆ 42 ಸೆಂಟಿಮೀಟರಿಗೆ ಕಟ್ಟಿ, ಬದುವನ್ನು ಅದಕ್ಕೆ ತಕ್ಕಂತೆ ಎತ್ತರಿಸಿ.

ಮುಂಗಾರುಬೆಳೆ:
ನಿಧಾನವಾದ ನೀರಿಗೆ ಇಂಗಲು ಸಮಯ ಸಿಗುತ್ತದೆ, ಆ 50 ಮಿಲಿಮೀಟರೇ ಕಡಿಮೆಯಾಗುತ್ತದೆ. ಅದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ದಿಣ್ಣೆಹೊಲ:
ಇಬ್ಬರ ಮಾತನ್ನೂ ಇಟ್ಟುಕೊಂಡು, 60ನೆಯ ಮೀಟರಿನಲ್ಲಿ ಬದು ಹಾಕಿಸುತ್ತೇನೆ, 20ನೆಯ ಮೀಟರಿನಲ್ಲಿ ಲಾವಂಚ ನೆಡುತ್ತೇನೆ. ಮೊದಲನೆಯ ಬದುವನ್ನು 42 ಸೆಂಟಿಮೀಟರಿನ ಕೋಡಿಗೆ ತಕ್ಕಂತೆ ಎತ್ತರಿಸುತ್ತೇನೆ. ಎರಡನೆಯ ಬದುವಿನ ಒಡಕನ್ನು ಅರ್ಧ ಅಡಿಯ ಪದರಗಳಲ್ಲಿ ದಮ್ಮಸು ಹಾಕಿ ಮುಚ್ಚಿಸಿದ್ದೇನೆ. ಮೊದಲನೆಯ ಕೋಡಿಯ ಬಳಿ ಅಳತೆ ಕೋಲು ನೆಟ್ಟು, ಮುಂದಿನ ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಏರಿತೆಂದು ಇಲ್ಲಿ ಬರೆಯುತ್ತೇನೆ.