ಸಹಾಯ ಬೇಕು: ಜನರೇಟರ್ ಓಡುತ್ತಿದ್ದರೂ ಇನ್ವರ್ಟರ್ ಅದನ್ನು ಹಿಡಿದುಕೊಳ್ಳುತ್ತಿಲ್ಲ

ಮಲೆನಾಡಿನ ಒಂದು ಚಿಕ್ಕ ಆಸ್ಪತ್ರೆ, ಲೈನ್ ಕರೆಂಟ್ ಇಲ್ಲ. 5 ಕೆವಿಎ ಹೈಬ್ರಿಡ್ ಇನ್ವರ್ಟರ್, 4 ಕಿಲೋವ್ಯಾಟ್ ಪ್ಯಾನೆಲ್, 48 ವೋಲ್ಟ್ 200 ಎಎಚ್ ಲಿಥಿಯಂ ಬ್ಯಾಟರಿ, ತಾನಾಗಿ ಸ್ಟಾರ್ಟ್ ಆಗುವ 5 ಕೆವಿಎ ಡೀಸೆಲ್ ಜನರೇಟರ್ ಇವೆ. ಲಸಿಕೆ ಫ್ರಿಜ್ ಸೇರಿ ಲೋಡ್ ಸುಮಾರು 1.2 ಕಿಲೋವ್ಯಾಟ್.

ಬ್ಯಾಟರಿ ಇಳಿದಾಗ ಜನರೇಟರ್ ಸರಿಯಾಗಿಯೇ ಸ್ಟಾರ್ಟ್ ಆಗುತ್ತದೆ. ಆದರೆ ಇನ್ವರ್ಟರ್ ಜನರೇಟರ್‌ಗೆ ಹೊರಳಿ, ಅರ್ಧ ನಿಮಿಷದಲ್ಲೇ ಬ್ಯಾಟರಿಗೆ ಮರಳುತ್ತದೆ. ರಿಲೇ ಟಕ್ ಟಕ್ ಎನ್ನುತ್ತಲೇ ಇರುತ್ತದೆ. ಮೀಟರ್ ಹಿಡಿದರೆ ಆ ಹೊತ್ತಿಗೆ ಫ್ರೀಕ್ವೆನ್ಸಿ 46 ಹರ್ಟ್ಸ್‌ಗೆ ಕುಸಿದಿರುತ್ತದೆ. ಲೋಡ್ ಬಿಟ್ಟೊಡನೆ 51ಕ್ಕೆ ಏರಿ, ಮತ್ತೆ ಅದೇ ಕಥೆ.

ಕಾರಣ ಚಾರ್ಜಿಂಗ್ ಸೆಟ್ಟಿಂಗ್ ಅನಿಸುತ್ತದೆ. 54 ವೋಲ್ಟ್‌ನಲ್ಲಿ 60 ಆಂಪಿಯರ್ ಅಂದರೆ 3.2 ಕಿಲೋವ್ಯಾಟ್. ನಷ್ಟ, ಲೋಡ್ ಸೇರಿದರೆ 4.7. ಜನರೇಟರ್ ಕೊಡುವುದೇ 4. ಎಸಿ ಚಾರ್ಜಿಂಗನ್ನು 25 ಆಂಪಿಯರ್‌ಗೆ ಇಳಿಸಿದ ಮೇಲೆ ಒಟ್ಟು 2.7ರ ಆಸುಪಾಸಿನಲ್ಲಿದ್ದು ಬಹುಮಟ್ಟಿಗೆ ನಿಂತಿದೆ. ಫ್ರಿಜ್ ಕಂಪ್ರೆಸರ್ ಎದ್ದಾಗ ಮಾತ್ರ ಇನ್ನೂ ಒಮ್ಮೊಮ್ಮೆ ಬಿಡುತ್ತದೆ.

ಈಗ ಇನ್‌ಪುಟ್ ರೇಂಜ್ ‘UPS’ನಲ್ಲಿದೆ. ‘APL’ಗೆ ಹಾಕಿದರೆ ಬದಲಾವಣೆ 20 ಮಿಲಿಸೆಕೆಂಡ್‌ವರೆಗೆ ನಿಧಾನವಾಗುತ್ತದೆ, ಲ್ಯಾಬ್‌ನ ಕಂಪ್ಯೂಟರ್ ರೀಸ್ಟಾರ್ಟ್ ಆದೀತೇ? ಅಥವಾ ಗವರ್ನರನ್ನೇ ಖಾಲಿ ಓಟದಲ್ಲಿ 52 ಹರ್ಟ್ಸ್‌ಗೆ ಏರಿಸುವುದು ಮೇಲೇ? ಮಾಡಿ ನೋಡಿದವರು ತಿಳಿಸಿ.