ಸಹಾಯ ಬೇಕು: ಚಾಸಿಗೆ ವೆಲ್ಡಿಂಗ್ ಆದ ಪಿಕಪ್ ತೆಗೊಳ್ಳಬಹುದಾ?

ಕಾಸರಗೋಡಿನಲ್ಲಿ ಸ್ವಂತ ಓಡಿಸಲಿಕ್ಕೆ ಮಂಗಳೂರು ನೋಂದಣಿಯ 2018ರ ಪಿಕಪ್ ನೋಡಿದ್ದು. ಮೀನು ಸಾಗಿಸಿದ ಗಾಡಿ. ಮೀಟರಿನಲ್ಲಿ 96,000 ಕಿ.ಮೀ., ಸ್ಕ್ಯಾನರಿನಲ್ಲಿ ಎಂಜಿನ್ 6,400 ಗಂಟೆ. ಅಂದರೆ ಗಂಟೆಗೆ 15 ಕಿ.ಮೀ. ಹೆದ್ದಾರಿ ಗಾಡಿಗೆ ಇದು ತೀರಾ ಕಡಿಮೆ, ಮೀಟರ್ ತಿರುಗಿಸಿದ ಹಾಗೆ ಕಾಣ್ತದೆ. ಅದು ರೇಟಿನಲ್ಲಿ ಸರಿಮಾಡಬಹುದು.

ತಲೆನೋವು ಚಾಸಿಯದ್ದು. ಹೊಸ ಕಪ್ಪು ಪೇಂಟ್ ಹೊಡೆದಿದ್ದಾರೆ. ಸುತ್ತಿಗೆಯಲ್ಲಿ ತಟ್ಟಿದರೆ ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಸದ್ದು ಮಂದ, ತುಕ್ಕಿನ ಪದರ ಉದುರ್ತದೆ. ಮೀನಿನ ಉಪ್ಪುನೀರು ಅಲ್ಲೇ ನಿಲ್ಲುವುದಲ್ವಾ. ಅದರ ಮೇಲೆಯೇ ಒಂದು ಗೇಣು ಪ್ಲೇಟ್ ವೆಲ್ಡ್ ಮಾಡಿದ್ದಾರೆ.

ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗ್ತದೆ, ಫಿಟ್ನೆಸ್ ಚಾಲ್ತಿಯಲ್ಲಿದೆ. ಪರ್ಮಿಟ್ ಸರೆಂಡರ್ ಮಾಡಿ ಎನ್‌ಒಸಿ ಕೊಡ್ತಾರಂತೆ.

ಚಾಸಿ ಕೆಲಸ ಗೊತ್ತಿದ್ದವರು ಹೇಳಿ: ತುಕ್ಕು ಕತ್ತರಿಸಿ ತೆಗೆದು ಆ ಜಾಗಕ್ಕೆ ಹೊಸ ಪ್ಲೇಟ್ ಕೂರಿಸಿದರೆ ಪೂರ್ತಿ ಲೋಡಿಗೆ ನಿಲ್ತದಾ, ಅಲ್ಲ ಗಾಡಿಯನ್ನೇ ಬಿಡುವುದಾ?