ಪದಚರ್ಚೆ: ಫಲಕಕ್ಕೆ ‘ಮೆಣಸು’ ಸಾಕೇ, ‘ಕಾಳುಮೆಣಸು’ ಬೇಕೇ?

ಸುಮಾ, ಸಾಗರ:
15ನೇ ಶತಮಾನದ ಮಲೆನಾಡ ಒಕ್ಕಲುಮನೆಯ ಅಡುಗೆಕೋಣೆಯನ್ನು ಪ್ರದರ್ಶನಕ್ಕೆ ಕಟ್ಟುತ್ತಿದ್ದೇವೆ. ರಾಗಿ, ಹುರುಳಿ, ಉದ್ದಿನ ಫಲಕ ಮುಗಿದವು. ಮಿಡಿ ಉಪ್ಪಿನಕಾಯಿ ಗಡಿಗೆಯ ಹತ್ತಿರ ಸಿಕ್ಕಿಕೊಂಡಿದ್ದೇನೆ. ‘ಉಪ್ಪು, ಸಾಸಿವೆ, ಮೆಣಸು ಹಾಕಿದ ಮಿಡಿ’ ಎಂದರೆ ನಮ್ಮ ಕಡೆಯವರು ಒಣಮೆಣಸು ಅಂದುಕೊಳ್ಳುತ್ತಾರೆ. ‘ಕಾಳುಮೆಣಸು’ ಆ ಕಾಲಕ್ಕೆ ಒಪ್ಪುತ್ತದೆಯೇ? ನಾಳೆ ಬೆಳಿಗ್ಗೆ ಮುದ್ರಣ. ಚಿತ್ರ ಲಗತ್ತಿಸಿದ್ದೇನೆ.

ವೆಂಕಟೇಶ:
ಬರೀ ಮೆಣಸು. ಬಳ್ಳಿಯಲ್ಲಿ ಬಿಡುವುದೇ ಮೆಣಸು. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಅಂದರೆ 1498ರ ಈಚಿನದು, ಮೆಣಸಿನಂತೆ ಉರಿಯುವ ಕಾಯಿ; ಅದಕ್ಕೇ ಮೆಣಸಿನಕಾಯಿ. ತಮಿಳರೂ ಮಿಳಗಿನಿಂದಲೇ ಮಿಳಗಾಯ್ ಮಾಡಿಕೊಂಡರು. ಬಂದ ನೆಂಟ ಹೆಸರು ಹೊತ್ತುಕೊಂಡು ಹೋದ, ಮನೆಯವನು ಕಾಳು, ಕರಿ, ಒಳ್ಳೆ ಅಂತ ಅಡ್ಡಹೆಸರು ಕಟ್ಟಿಕೊಂಡ. ಆ ಅಡ್ಡಹೆಸರನ್ನು 15ನೇ ಶತಮಾನಕ್ಕೆ ಅಂಟಿಸಬೇಡಿ.

ಪದ್ಮನಾಭ:
ಮೆಣಸು ‘ಮರೀಚ’ದ ತದ್ಭವ. ಮಾನಸೋಲ್ಲಾಸದ ಅಡುಗೆಯಲ್ಲೂ ಮರೀಚವೇ ಇದೆ. ಮೂಲವನ್ನೇ ಹಾಕಿದರೆ ಗೊಂದಲವಿಲ್ಲ.

ವೆಂಕಟೇಶ:
ಅದು ಸಂಸ್ಕೃತ ಗ್ರಂಥ, ಸಂಸ್ಕೃತದ ಮಾತೇ ಇರುತ್ತದೆ. ಒಕ್ಕಲುಮನೆಯಲ್ಲಿ ಯಾರು ಮರೀಚ ಅಂದರು? ‘ರೀ’ ಹೋಗಿ ‘ಣ’ ಆದ ಇನ್ನೊಂದು ತದ್ಭವ ತೋರಿಸಿ, ಆಮೇಲೆ ಮಾತು.

ನಾಗರಾಜ:
ನಮ್ಮ ಮನೆ ಮಿಡಿ ಮೇಲೆ ಬಿಳಿ ಪೊರೆ ಕಟ್ಟಿದೆ. ಕಾಳುಮೆಣಸು ಹಾಕಿದರೆ ಹೋಗುತ್ತದಾ?

ಗಿರಿಜಾ, ತೀರ್ಥಹಳ್ಳಿ:
ನಾಗರಾಜರೇ, ಹೋಗುವುದಿಲ್ಲ. ಪೊರೆ ಬರುವುದು ಉಪ್ಪು ಸಾಲದೆ, ಇಲ್ಲವೇ ಮಿಡಿ ರಸದಿಂದ ಮೇಲೆ ತೇಲಿ. ಕೆಡದಂತೆ ಕಾಯುವುದು ಉಪ್ಪು, ಮೆಣಸು ರುಚಿಗೆ.

ಸುಮಾ ಅವರೇ, ಪದಕ್ಕಿಂತ ಮೊದಲು ಚಿತ್ರ ಬದಲಿಸಿ. ಗಡಿಗೆಯ ರಸ ಕೆಂಪಗಿದೆ! ಆ ಕೆಂಪು ಒಣಮೆಣಸಿನದು. ನಾಲ್ಕು ಸೇರು ಮಿಡಿಗೆ ಒಂದು ಸೇರು ಹರಳುಪ್ಪು, ಒಂದು ಪದರ ಮಿಡಿ, ಒಂದು ಪದರ ಉಪ್ಪು. ನೀರು ಹಾಕುವುದಿಲ್ಲ, ಮಿಡಿಯೇ ಬಿಡುತ್ತದೆ. ದಿನಾ ಕೈಯಾಡಿಸಿದರೆ ಹತ್ತು ಹನ್ನೆರಡು ದಿನಕ್ಕೆ ಸುಕ್ಕಾಗುತ್ತದೆ. ಅದೇ ಉಪ್ಪುನೀರಿನಲ್ಲಿ ಸಾಸಿವೆ, ಮೆಣಸು ಅರೆದು ಬೆರೆಸಿದರೆ ರಸ ಮಣ್ಣುಬಣ್ಣಕ್ಕೆ ತಿರುಗುತ್ತದೆ, ಹಸಿರು ಮಾಸಿದ ಹಾಗೆ. ಇನ್ನೊಂದು, ನಿಮ್ಮ ಚಿತ್ರದ ಮಿಡಿಗಳಿಗೆ ತೊಟ್ಟೇ ಇಲ್ಲ. ತೊಟ್ಟು ಬುಡದಲ್ಲಿ ಕಿತ್ತರೆ ಸೊನೆ ಸೋರಿ, ಅಲ್ಲಿಂದಲೇ ಮಿಡಿ ಮೆತ್ತಗಾಗುತ್ತದೆ. ಅರ್ಧ ಬೆರಳು ತೊಟ್ಟು ಬಿಟ್ಟೇ ಕೊಯ್ಯಬೇಕು.

ಪದ್ಮನಾಭ:
ಹಾಗಾದರೆ ‘ಖಾರದ ಮಿಡಿ’ ಎನ್ನಿ.

ವೆಂಕಟೇಶ:
ಕಾರ. ಮಹಾಪ್ರಾಣ ಎಲ್ಲಿಂದ ಬಂತು?

ಪದ್ಮನಾಭ:
‘ಕ್ಷಾರ’ದಿಂದ. ಬಟಾಟೆಯನ್ನು ಪೋರ್ಚುಗೀಸ್ ಹೆಸರಿನಲ್ಲೇ ತಿನ್ನುವಿರಿ, ಸಂಸ್ಕೃತ ಬಂದರೆ ಮಾತ್ರ ಗಂಟಲಲ್ಲಿ ಸಿಕ್ಕುತ್ತದೆ.

ಗಿರಿಜಾ, ತೀರ್ಥಹಳ್ಳಿ:
ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಈಗ ಎಲ್ಲರೂ ಕಾಳುಮೆಣಸಿನ ರಾಣಿ ಎನ್ನುತ್ತಾರೆ. ಫಲಕ ಓದುವವರು ಈಗಿನವರೇ ಅಲ್ಲವೇ?

ಸುಮಾ, ಸಾಗರ:
ಫಲಕದಲ್ಲಿ ‘ಮೆಣಸು’, ಕೆಳಗೆ ಸಣ್ಣಕ್ಷರದಲ್ಲಿ ‘ಇಂದಿನ ಕಾಳುಮೆಣಸು’. ತೊಟ್ಟಿರುವ ಮಿಡಿ ಹುಡುಕುತ್ತಿದ್ದೇನೆ.

ವೆಂಕಟೇಶ:
ಸಣ್ಣಕ್ಷರದ ಸಾಲು ಬೇಡವಾಗಿತ್ತು.